ಕೊಬ್ಬರಿ ರೇಟು ಕಳಿಸಿದ ನಂಬರಿಗೆ ಬೀಗ: ವಾಟ್ಸಾಪ್ ಬ್ಯಾನ್ ಏಕೆ ಆಗುತ್ತದೆ, ಮರಳಿ ಕೇಳುವುದು ಹೇಗೆ

ತಿಪಟೂರು ಎಪಿಎಂಸಿಯಲ್ಲಿ ಉಂಡೆ ಕೊಬ್ಬರಿಯ ಹರಾಜು ಮುಗಿದ ಕೆಲವೇ ನಿಮಿಷಗಳಲ್ಲಿ ಆ ದಿನದ ಧಾರಣೆ ಅರಳಗುಪ್ಪೆಯ ಜಗಲಿಗಳನ್ನು ತಲುಪಿರುತ್ತದೆ. ಮಂಡಿಯಲ್ಲಿ ನಿಂತವರು ಒಬ್ಬರು ಹಾಕುತ್ತಾರೆ, ಅದನ್ನು ಇನ್ನೊಬ್ಬರು ಹತ್ತು ಗ್ರೂಪಿಗೆ ಹಂಚುತ್ತಾರೆ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಗೂ ಅದೇ ಸಂದೇಶ ಹೋಗುತ್ತದೆ. ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ 2024ರಲ್ಲಿ ಕ್ವಿಂಟಲಿಗೆ 12,000 ರೂಪಾಯಿ, 2025ರಲ್ಲಿ 12,100 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿದಾಗಲೂ, ನಾಫೆಡ್ ಖರೀದಿಗೆ ಹೆಸರು ನೋಂದಾಯಿಸುವ ಗಡಿಬಿಡಿಯಲ್ಲೂ, ಕಪ್ಪುತಲೆ ಹುಳುವಿಗೆ ಏನು ಮಾಡಬೇಕೆಂಬ ವಿಷಯದಲ್ಲೂ ಈ ಸೀಮೆಯ ರೈತರು ಮೊದಲು ನೋಡುವುದು ವಾಟ್ಸಾಪನ್ನೇ. ಹೀಗಿರುವಾಗ ಹರಾಜಿನ ದಿನ ಸುದ್ದಿ ಹಂಚುವವನ ನಂಬರೇ ಬ್ಯಾನ್ ಆದರೆ ಅದು ಅವನೊಬ್ಬನ ತೊಂದರೆಯಾಗಿ ಉಳಿಯುವುದಿಲ್ಲ.

ಬ್ಯಾನ್ ಆದವರೆಲ್ಲ ಮೊದಲು ಹೇಳುವ ಮಾತು ಒಂದೇ: "ನಾನೇನೂ ಕೆಟ್ಟದ್ದು ಕಳಿಸಿಲ್ಲ ಕಣಣ್ಣ, ಬರೀ ರೇಟು ಹಾಕ್ತಿದ್ದೆ." ಮಾತು ನಿಜವೇ ಇರುತ್ತದೆ. ಆದರೆ ಇಂಥ ಬ್ಯಾನ್‌ಗೂ ಸಂದೇಶದಲ್ಲಿ ಏನಿತ್ತು ಎಂಬುದಕ್ಕೂ ಹೆಚ್ಚಿನ ಸಂಬಂಧವಿಲ್ಲ. ಇದು ಅರ್ಥವಾಗದೆ ಬರೆದ ಮನವಿ ಗುರಿ ತಪ್ಪುತ್ತದೆ.

ವಾಟ್ಸಾಪ್ ಸಂದೇಶಗಳು ಕಳಿಸಿದವರ ಫೋನಿನಿಂದ ಪಡೆದವರ ಫೋನಿನವರೆಗೆ ಗೂಢಲಿಪಿಯಲ್ಲಿ ಹೋಗುತ್ತವೆ. ಕಂಪನಿಗೆ ಅವನ್ನು ಓದಲು ಬರುವುದಿಲ್ಲ. ಅದಕ್ಕೆ ಕಾಣುವುದು ನಡವಳಿಕೆ: ಈ ನಂಬರು ಯಾವಾಗ ನೋಂದಣಿಯಾಯಿತು, ಎಷ್ಟು ವೇಗದಲ್ಲಿ ಎಷ್ಟು ಜನಕ್ಕೆ ಕಳಿಸಿತು, ಎಷ್ಟು ಗ್ರೂಪ್ ತೆರೆಯಿತು, ಪಡೆದವರಲ್ಲಿ ಎಷ್ಟು ಮಂದಿ ಬ್ಲಾಕ್ ಮಾಡಿದರು, ಎಷ್ಟು ಮಂದಿ ರಿಪೋರ್ಟ್ ಒತ್ತಿದರು. ಯಾರಾದರೂ ರಿಪೋರ್ಟ್ ಮಾಡಿದಾಗ ಮಾತ್ರ, ಆ ನಂಬರಿನಿಂದ ಅವರಿಗೆ ಬಂದ ಕೊನೆಯ ಐದು ಸಂದೇಶಗಳು ಕಂಪನಿಗೆ ಹೋಗುತ್ತವೆ.

ಈ ಲೆಕ್ಕಾಚಾರ ನಡೆಯುವ ಬಗೆಯನ್ನು ಕಂಪನಿಯೇ 2019ರ ಫೆಬ್ರುವರಿಯಲ್ಲಿ, ಲೋಕಸಭೆ ಚುನಾವಣೆಗೆ ಮುಂಚೆ, ಒಂದು ಶ್ವೇತಪತ್ರದಲ್ಲಿ ಬಿಡಿಸಿ ಹೇಳಿತ್ತು. ಜಗತ್ತಿನಾದ್ಯಂತ ತಿಂಗಳಿಗೆ 20 ಲಕ್ಷಕ್ಕೂ ಹೆಚ್ಚು ಖಾತೆಗಳನ್ನು ತೆಗೆಯುತ್ತಿದ್ದೇವೆ, ಅವುಗಳಲ್ಲಿ ಮುಕ್ಕಾಲು ಪಾಲಿನ ಮೇಲೆ ಇತ್ತೀಚೆಗೆ ಯಾರೂ ದೂರು ಕೊಟ್ಟಿರಲಿಲ್ಲ ಎಂದು ಅದರಲ್ಲಿತ್ತು. ಅಂದರೆ ಬಹುಪಾಲು ಬ್ಯಾನ್ ಯಾರದೋ ಚಾಡಿಯಿಂದ ಆದದ್ದಲ್ಲ, ಯಂತ್ರ ತಾನಾಗಿಯೇ ಹಿಡಿದದ್ದು. ಯಂತ್ರ ಮೂರು ಹಂತದಲ್ಲಿ ನೋಡುತ್ತದೆ: ನಂಬರು ನೋಂದಣಿಯಾಗುವಾಗ, ಸಂದೇಶ ಕಳಿಸುವಾಗ, ಮತ್ತು ಪಡೆದವರ ಬ್ಲಾಕ್–ರಿಪೋರ್ಟ್‌ಗಳು ಬಂದಾಗ. ಶ್ವೇತಪತ್ರ ಕೊಟ್ಟ ಒಂದು ಉದಾಹರಣೆ ನೆನಪಿಡುವಂಥದ್ದು. ಐದು ನಿಮಿಷದ ಹಿಂದೆ ನೋಂದಣಿಯಾದ ನಂಬರು 15 ಸೆಕೆಂಡಿನಲ್ಲಿ 100 ಸಂದೇಶ ಕಳಿಸಲು ಹೊರಟರೆ ಅದು ದುರ್ಬಳಕೆ ಎನ್ನುವುದು ಹೆಚ್ಚೂಕಡಿಮೆ ಖಚಿತ. ಬೆರಳಿನಲ್ಲಿ ಬರೆಯುವ ಮನುಷ್ಯನ ಹೆಸರಿನ ಕೆಳಗೆ 'typing…' ಎಂದು ಕಾಣುತ್ತದಲ್ಲ, ಸಾಫ್ಟ್‌ವೇರ್‌ನಿಂದ ಕಳಿಸುವವರಲ್ಲಿ ಹಲವೊಮ್ಮೆ ಅದು ಇರುವುದಿಲ್ಲ. ಅದನ್ನೂ ಒಂದು ಸುಳಿವಾಗಿ ನೋಡುತ್ತಾರೆ.

ಇಷ್ಟು ಬಿಗಿ ಏಕೆ ಬಂತು ಎಂದು ಕೇಳುವವರು 2018ರ ಕರ್ನಾಟಕವನ್ನು ನೆನೆಯಬೇಕು. ಆ ವರ್ಷದ ಮೇ 12ರ ವಿಧಾನಸಭೆ ಚುನಾವಣೆಯಲ್ಲಿ ಪಕ್ಷಗಳು ಸಾವಿರಾರು ವಾಟ್ಸಾಪ್ ಗ್ರೂಪ್‌ಗಳನ್ನು ಕಟ್ಟಿದ್ದವು. ಅದೇ ಹೊತ್ತಿಗೆ ಮಕ್ಕಳ ಕಳ್ಳರ ಸುಳ್ಳುಸುದ್ದಿ ರಾಜ್ಯದಲ್ಲೆಲ್ಲ ಹರಡಿತ್ತು. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ರಾಜಸ್ಥಾನದ ಒಬ್ಬ ಕೂಲಿಕಾರನನ್ನು, ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಯುವ ಎಂಜಿನಿಯರನ್ನು ಜನ ಬಡಿದು ಕೊಂದರು. ಮುರ್ಕಿ ಪ್ರಕರಣದಲ್ಲಿ ಬಂಧಿತರಾದವರಲ್ಲಿ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಕೂಡ ಇದ್ದ. ದೇಶದ ಬೇರೆ ಕಡೆಗಳಲ್ಲೂ ಇಂಥ ಸಾವುಗಳಾಗಿದ್ದವು. ಆ ಜುಲೈ ಮುಗಿಯುವ ಮೊದಲೇ ವಾಟ್ಸಾಪ್ ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗಳಿಗಿಂತ ಹೆಚ್ಚು ಫಾರ್ವರ್ಡ್ ಮಾಡಲಾಗದಂತೆ ಮಿತಿ ತರುವುದಾಗಿ ಸಾರಿತು. 2019ರ ಜನವರಿಯಲ್ಲಿ ಅದೇ ಮಿತಿ ಜಗತ್ತಿಗೆಲ್ಲ ಬಂತು. ಜೋಡಿ ಬಾಣದ ಗುರುತಿರುವ, ಅಂದರೆ ಐದಾರು ಕೈ ದಾಟಿ ಬಂದ ಸಂದೇಶವನ್ನು 2020ರ ಏಪ್ರಿಲ್‌ನಿಂದ ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಇಂದು ನಮಗೆ ಕಿರಿಕಿರಿ ಎನಿಸುವ ಈ ಬೇಲಿಯ ಹಿಂದೆ ನಮ್ಮದೇ ರಾಜ್ಯದ ಹೆಣಗಳಿವೆ. ಆದ್ದರಿಂದ ಮಿತಿ ಇರಲೇಬೇಕೆಂದು ನಾನು ನಂಬುತ್ತೇನೆ. ತಪ್ಪಾಗಿ ಸಿಕ್ಕಿಬಿದ್ದವನಿಗೆ ಹೊರಬರುವ ದಾರಿಯೂ ಅಷ್ಟೇ ಸ್ಪಷ್ಟವಾಗಿ ಗೊತ್ತಿರಬೇಕು.

ಈ ಬೇಲಿಯನ್ನು ಹಾರುವ ಆಪ್‌ಗಳೂ ಇವೆ. ಜಿಬಿ ವಾಟ್ಸಾಪ್, ಯೋ ವಾಟ್ಸಾಪ್, ಎಫ್‌ಎಂ ವಾಟ್ಸಾಪ್, ವಾಟ್ಸಾಪ್ ಪ್ಲಸ್ ಇವೆಲ್ಲ ಮೂಲ ಆಪನ್ನು ಬಿಚ್ಚಿ, ತಿದ್ದಿ, ಮತ್ತೆ ಹೊಲಿದವು. ಬ್ಲೂ ಟಿಕ್ ಬಚ್ಚಿಡಬಹುದು, ಅಳಿಸಿದ ಸಂದೇಶ ಓದಬಹುದು, ಇನ್ನೊಬ್ಬರ ಸ್ಟೇಟಸ್ ಇಳಿಸಿಕೊಳ್ಳಬಹುದು, ಒಂದೇ ಫೋನಿನಲ್ಲಿ ಎರಡು ನಂಬರು ಇಡಬಹುದು, ಫಾರ್ವರ್ಡ್ ಮಿತಿಯಂತೂ ಇಲ್ಲವೇ ಇಲ್ಲ. ಇವು ಪ್ಲೇ ಸ್ಟೋರ್‌ನಲ್ಲಿ ಸಿಗುವುದಿಲ್ಲ. ಯಾವುದೋ ವೆಬ್‌ಸೈಟಿನಿಂದ, ಇಲ್ಲವೇ ಗೆಳೆಯನ ಫೋನಿನಿಂದ ಬಂದ ಎಪಿಕೆ ಫೈಲ್ ಆಗಿ ಒಳಗೆ ಸೇರುತ್ತವೆ. ಮೊಬೈಲ್ ಅಂಗಡಿಯಲ್ಲಿ "ಇದರಲ್ಲಿ ಜಾಸ್ತಿ ಫೀಚರ್ ಇದೆ ಯಜಮಾನ್ರೇ" ಎಂದು ಹಾಕಿಕೊಟ್ಟರೆ, ಹಾಕಿಸಿಕೊಂಡವರಿಗೆ ತಾವು ಬಳಸುತ್ತಿರುವುದು ಅಸಲಿಯಲ್ಲ ಎಂಬುದೇ ತಿಳಿದಿರುವುದಿಲ್ಲ.

ಇವುಗಳ ಅಪಾಯ ಬ್ಯಾನ್‌ಗಷ್ಟೇ ನಿಲ್ಲುವುದಿಲ್ಲ. ಎಫ್‌ಎಂ ವಾಟ್ಸಾಪ್‌ನ ಒಂದು ಆವೃತ್ತಿಯೊಳಗೆ ಟ್ರಯಾಡಾ ಎಂಬ ಕಳ್ಳ ತಂತ್ರಾಂಶ ಅಡಗಿದ್ದುದನ್ನು ಕ್ಯಾಸ್ಪರ್‌ಸ್ಕಿ ಸಂಸ್ಥೆ 2021ರಲ್ಲಿ ಬಯಲಿಗೆಳೆಯಿತು. 2022ರಲ್ಲಿ ಯೋ ವಾಟ್ಸಾಪ್‌ನ ಒಂದು ಆವೃತ್ತಿ ಬಳಕೆದಾರರ ಖಾತೆಯ ಕೀಲಿಗಳನ್ನೇ ಹೊರಗೆ ಸಾಗಿಸುತ್ತಿದ್ದುದನ್ನು ಅದೇ ಸಂಸ್ಥೆ ಕಂಡುಹಿಡಿಯಿತು. ಅದು ಹರಡಿದ್ದು ಹಳ್ಳಿಯವರೂ ವಿಡಿಯೊ ಇಳಿಸಿಕೊಳ್ಳಲು ಬಳಸುವ ಸ್ನ್ಯಾಪ್‌ಟ್ಯೂಬ್, ವಿಡ್‌ಮೇಟ್‌ಗಳ ಮೂಲಕ. ಕೀಲಿ ಇನ್ನೊಬ್ಬನ ಕೈಗೆ ಹೋದರೆ ನಿಮ್ಮ ನಂಬರಿನಿಂದ ಅವನು ಜಾಹೀರಾತು ಸುರಿಯಬಹುದು. "ನಾನು ಕಳಿಸಲೇ ಇಲ್ಲ, ಆದರೂ ಬ್ಯಾನ್ ಆಯಿತು" ಎನ್ನುವವರ ಫೋನಿನಲ್ಲಿ ಮೊದಲು ಹುಡುಕಬೇಕಾದ್ದು ಇದನ್ನೇ.

ಹುಡುಕುವುದು ಕಷ್ಟವಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಪ್‌ಗಳ ಪಟ್ಟಿ ತೆರೆದು ವಾಟ್ಸಾಪ್ ಮೇಲೆ ಒತ್ತಿ. ಅಸಲಿಯಾದರೆ ಅದು ಪ್ಲೇ ಸ್ಟೋರ್‌ನಿಂದ ಬಂದದ್ದೆಂದು ಆ ಪುಟದ ಕೆಳಗೆ ಕಾಣುತ್ತದೆ, ಒತ್ತಿದರೆ ಪ್ಲೇ ಸ್ಟೋರ್‌ನ ಪುಟವೇ ತೆರೆದುಕೊಳ್ಳುತ್ತದೆ. ಫೈಲ್ ಮ್ಯಾನೇಜರ್‌ನಲ್ಲಿ ಅಸಲಿಯ ಫೋಲ್ಡರ್ ಹೆಸರು com.whatsapp, ವ್ಯಾಪಾರಿಗಳ ಆವೃತ್ತಿಯದು com.whatsapp.w4b. ಅಲ್ಲಿ com.gbwhatsapp ಎಂಬುದು ಕಂಡರೆ ಅದು ಜಿಬಿ.

ಈಗ ಒಂದು ಪ್ರಸಂಗವನ್ನು ಎಣಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ನೋಡೋಣ. ಅರಳಗುಪ್ಪೆಯಲ್ಲಿ ತೆಂಗಿನ ಸಸಿ ನರ್ಸರಿ ಇಟ್ಟುಕೊಂಡ ಯುವಕನೊಬ್ಬನಿದ್ದಾನೆ ಎಂದುಕೊಳ್ಳಿ. ಹರಾಜಿನ ದಿನ ಕೊಬ್ಬರಿ ಧಾರಣೆಯನ್ನು, ಅದರ ಕೆಳಗೆ ತನ್ನ ಸಸಿಗಳ ಬೆಲೆಯನ್ನು ಸೇರಿಸಿ ನಲವತ್ತು ಗ್ರೂಪಿಗೆ ಹಾಕುತ್ತಾನೆ. ಐದೈದಾಗಿ ಕಳಿಸುವುದು ಬೇಸರವಾಗಿ ಜಿಬಿ ವಾಟ್ಸಾಪ್ ಹಾಕಿಕೊಂಡಿದ್ದಾನೆ. ಒಂದು ಸಂಜೆ ತೆರೆಯ ಮೇಲೆ ತಾತ್ಕಾಲಿಕ ನಿಷೇಧ ಎಂಬ ಸೂಚನೆ ಬರುತ್ತದೆ, ಪಕ್ಕದಲ್ಲಿ ಗಂಟೆಗಳನ್ನು ಇಳಿಸುತ್ತ ಹೋಗುವ ಗಡಿಯಾರ.

ಇದು ಎಚ್ಚರಿಕೆ, ಇನ್ನೂ ಶಿಕ್ಷೆಯಲ್ಲ. ಅನಧಿಕೃತ ಆಪ್ ಸಿಕ್ಕಿದಾಗ ವಾಟ್ಸಾಪ್ ಸಾಮಾನ್ಯವಾಗಿ ಮೊದಲು ಹೀಗೆ ಮಾಡುತ್ತದೆ. ಗಡಿಯಾರ ನಿಂತ ಮೇಲೆ ಜಿಬಿಯೊಳಗೇ ಚಾಟ್‌ಗಳ ಬ್ಯಾಕಪ್ ತೆಗೆಯಬೇಕು. ಆಮೇಲೆ ಫೈಲ್ ಮ್ಯಾನೇಜರ್‌ನಲ್ಲಿ GBWhatsApp ಎಂಬ ಫೋಲ್ಡರ್ ಹುಡುಕಿ ಹೆಸರನ್ನು WhatsApp ಎಂದು ಬದಲಿಸಿ, ಪ್ಲೇ ಸ್ಟೋರ್‌ನಿಂದ ಅಸಲಿ ಆಪ್ ಇಳಿಸಿ ಅದೇ ನಂಬರು ಕೊಡಬೇಕು. ಬ್ಯಾಕಪ್ ಸಿಕ್ಕಿದೆ ಎಂಬ ಪುಟ ಬಂದರೆ Restore ಒತ್ತಬೇಕು. ಹೊಸ ಆಂಡ್ರಾಯ್ಡ್ ಫೋನುಗಳಲ್ಲಿ ಫೋಲ್ಡರ್ ಬೇರೆ ಕಡೆ ಇರುವುದರಿಂದ ಹಳೆಯ ಚಾಟ್‌ಗಳು ಬಾರದೇ ಹೋಗಬಹುದು, ಕಂಪನಿಯೂ ಅದಕ್ಕೆ ಖಾತರಿ ಕೊಡುವುದಿಲ್ಲ. ಸಾಲದ ಚೀಟಿ, ತೂಕದ ಚೀಟಿಯ ಫೋಟೊಗಳಿದ್ದರೆ ಆ ಫೋಲ್ಡರಿನಿಂದ ಮೊದಲೇ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳುವುದು ಜಾಣತನ. ಇಷ್ಟಾದ ಮೇಲೆ ಜಿಬಿಯನ್ನು ಪೂರ್ತಿ ತೆಗೆದುಹಾಕಬೇಕು.

ನಮ್ಮ ಯುವಕ ಹಾಗೆ ಮಾಡಲಿಲ್ಲ. ಗಡಿಯಾರ ಮುಗಿಯುವುದನ್ನೇ ಕಾದು ಮತ್ತೆ ಜಿಬಿಯಲ್ಲೇ ಕಳಿಸತೊಡಗಿದ. ಈ ಸಲ ಗಡಿಯಾರವಿಲ್ಲ, ಈ ಖಾತೆ ಇನ್ನು ವಾಟ್ಸಾಪ್ ಬಳಸುವಂತಿಲ್ಲ ಎಂಬ ಒಂದೇ ಮಾತು. ಪೂರ್ಣ ಬ್ಯಾನ್ ಎಂದರೆ ಇದು.

ಇಲ್ಲಿ ಅವಸರದಲ್ಲಿ ಮಾಡುವ ಎರಡು ಕೆಲಸಗಳು ಪರಿಸ್ಥಿತಿಯನ್ನು ಕೆಡಿಸುತ್ತವೆ. ಒಂದು, ಹೊಸ ಸಿಮ್ ತಂದು ಅದೇ ಜಿಬಿಯಲ್ಲಿ, ಅದೇ ನಲವತ್ತು ಗ್ರೂಪಿಗೆ ಮತ್ತೆ ಸುರಿಯುವುದು. ಹೊಸ ನಂಬರು, ಕೂಡಲೇ ರಾಶಿ ಸಂದೇಶ: ಶ್ವೇತಪತ್ರ ಹೇಳಿದ ಉದಾಹರಣೆಯೇ ಇದು. ಹಳೆಯದಕ್ಕಿಂತ ಬೇಗ ಹೋಗುತ್ತದೆ. ಎರಡು, "ಬ್ಯಾನ್ ಬಿಡಿಸಿಕೊಡುತ್ತೇವೆ" ಎನ್ನುವವರಿಗೆ ದುಡ್ಡು ಕೊಡುವುದು. ಅವರು ಕೊನೆಗೆ ಕೇಳುವುದು ನಿಮ್ಮ ಫೋನಿಗೆ ಬರುವ ಆರು ಅಂಕಿಯ ಕೋಡನ್ನು. ಅದನ್ನು ಕೊಟ್ಟವನು ಖಾತೆಯನ್ನೇ ಅವರ ಕೈಗೆ ಕೊಟ್ಟಂತೆ. ಮರುಪರಿಶೀಲನೆಗೆ ಒಂದು ಪೈಸೆಯೂ ಖರ್ಚಿಲ್ಲ.

ಅಧಿಕೃತ ದಾರಿ ಅಸಲಿ ಆಪ್‌ನೊಳಗೇ ಇದೆ. ಮೊದಲು ಜಿಬಿ ತೆಗೆದುಹಾಕಿ, ಪ್ಲೇ ಸ್ಟೋರ್‌ನ ವಾಟ್ಸಾಪ್ ಇಳಿಸಿ ನಂಬರು ಕೊಟ್ಟರೆ ಬ್ಯಾನ್ ಸೂಚನೆಯ ಕೆಳಗೆ Request a review ಎಂಬ ಗುಂಡಿ ಕಾಣುತ್ತದೆ. ಒತ್ತಿದರೆ ಎಸ್‌ಎಂಎಸ್‌ನಲ್ಲಿ ಆರು ಅಂಕಿಯ ಕೋಡ್ ಬರುತ್ತದೆ. ಆದ್ದರಿಂದ ಸಿಮ್ ಚಾಲ್ತಿಯಲ್ಲಿ ಇರಬೇಕು. ರೀಚಾರ್ಜ್ ಮುಗಿದು ಎಸ್‌ಎಂಎಸ್ ಬಾರದಿದ್ದರೆ ದಾರಿ ಅಲ್ಲಿಗೇ ಮುಚ್ಚುತ್ತದೆ. ಕೋಡ್ ಹಾಕಿದ ಮೇಲೆ ವಿವರ ಬರೆಯಲು ಜಾಗ ಸಿಗುತ್ತದೆ. ಕಳಿಸಿದ ನಂತರ ಅದೇ ಆಪ್ ತೆರೆದು ಪರಿಶೀಲನೆ ಎಲ್ಲಿಗೆ ಬಂತೆಂದು ನೋಡಬಹುದು.

ಆ ಜಾಗದಲ್ಲಿ ಬರೆಯುವ ನಾಲ್ಕು ಸಾಲು ಮುಖ್ಯ. "ದಯವಿಟ್ಟು ನನ್ನ ನಂಬರು ಬಿಡಿ, ನಾನು ಬಡವ" ಎಂಬುದರಿಂದ ಪ್ರಯೋಜನವಿಲ್ಲ, ನನ್ನ ಸಂದೇಶದಲ್ಲಿ ಕೆಟ್ಟದ್ದಿರಲಿಲ್ಲ ಎಂಬ ವಾದವೂ ನಿಲ್ಲುವುದಿಲ್ಲ, ಏಕೆಂದರೆ ಅವರು ಹಿಡಿದದ್ದು ಅದನ್ನಲ್ಲ. ನಡವಳಿಕೆಯ ಬಗ್ಗೆ ಬರೆಯಬೇಕು. ನಮ್ಮ ಯುವಕ ಹೀಗೆ ಬರೆಯಬಹುದು: "ಇದು ನನ್ನ ಸ್ವಂತ ನಂಬರು. ತೆಂಗು ಬೆಳೆಗಾರರ ಗ್ರೂಪುಗಳಿಗೆ ಕೊಬ್ಬರಿ ಧಾರಣೆ ಮತ್ತು ನನ್ನ ನರ್ಸರಿಯ ಸಸಿ ಬೆಲೆ ಕಳಿಸುತ್ತಿದ್ದೆ. ಜಿಬಿ ವಾಟ್ಸಾಪ್ ಬಳಸಿದ್ದೆ, ಈಗ ಅದನ್ನು ತೆಗೆದುಹಾಕಿ ಅಧಿಕೃತ ಆಪ್ ಹಾಕಿಕೊಂಡಿದ್ದೇನೆ. ತಾನಾಗಿ ಸಂದೇಶ ಕಳಿಸುವ ಯಾವ ಸಾಫ್ಟ್‌ವೇರೂ ನನ್ನಲ್ಲಿಲ್ಲ. ಇನ್ನು ಮುಂದೆ ಒಂದೇ ಸಂದೇಶವನ್ನು ರಾಶಿಯಾಗಿ ಹಂಚುವುದಿಲ್ಲ." ನಿಜವಾದದ್ದನ್ನು ಮಾತ್ರ ಬರೆಯಬೇಕು. ಜಿಬಿ ಬಳಸಿ, ಬಳಸಿಲ್ಲ ಎಂದರೆ ಆ ಸುಳ್ಳು ಅವರ ದಾಖಲೆಯಲ್ಲಿ ಬಯಲಾಗಬಹುದು. ಹೊಸದಾಗಿ ಕೊಂಡ ಸಿಮ್ ಮೊದಲ ದಿನವೇ ಬ್ಯಾನ್ ತೋರಿಸಿದರೆ, ನಂಬರು ಹಿಂದೆ ಬೇರೆಯವರದಾಗಿತ್ತು, ನನಗೆ ಇಂಥ ದಿನ ಬಂತು ಎಂದು ಬರೆಯುವುದು ಸರಿಯಾದ ಕಾರಣ. ಬಿಟ್ಟ ನಂಬರುಗಳನ್ನು ದೂರಸಂಪರ್ಕ ಕಂಪನಿಗಳು ಕೆಲ ತಿಂಗಳ ನಂತರ ಹೊಸ ಗ್ರಾಹಕರಿಗೆ ಕೊಡುತ್ತವೆ, ಹಳೆಯವನ ಬ್ಯಾನ್ ನಂಬರಿನ ಜೊತೆಗೇ ಬಂದಿರುತ್ತದೆ.

ಉತ್ತರ 'ಇಲ್ಲ' ಎಂದು ಬಂದರೂ ಮುಂದೆ ಎರಡು ಮೆಟ್ಟಿಲಿವೆ. 2021ರ ಫೆಬ್ರುವರಿಯಲ್ಲಿ ಬಂದ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂಥ ದೊಡ್ಡ ಕಂಪನಿಗಳು ಭಾರತದಲ್ಲಿ ಕುಂದುಕೊರತೆ ಅಧಿಕಾರಿಯನ್ನು ಇಡಲೇಬೇಕು. ಆ ನಿಯಮ ಬಂದಾಗ, ದೂರು ಬಂದ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ಇತ್ಯರ್ಥ ಎಂದಿತ್ತು. ವಾಟ್ಸಾಪ್‌ನ ಅಧಿಕಾರಿಗೆ ಇಮೇಲ್‌ನಲ್ಲಿ ಬರೆಯಬಹುದು: grievance_officer_wa@support.whatsapp.com. ಅಂಚೆಯಲ್ಲೂ ಬರೆಯಬಹುದು: ಪೋಸ್ಟ್ ಬಾಕ್ಸ್ ಸಂಖ್ಯೆ 56, ರಸ್ತೆ ಸಂಖ್ಯೆ 1, ಬಂಜಾರಾ ಹಿಲ್ಸ್, ಹೈದರಾಬಾದ್ 500034. ನಂಬರನ್ನು +91 ಸೇರಿಸಿ ಪೂರ್ತಿಯಾಗಿ ಬರೆಯಿರಿ. ಬ್ಯಾನ್ ಆದ ದಿನ, ಆಪ್‌ನಲ್ಲಿ ರಿವ್ಯೂ ಕೇಳಿದ ದಿನ, ಬಂದ ಉತ್ತರದ ಸ್ಕ್ರೀನ್‌ಶಾಟ್ ಇವೆಲ್ಲ ಜೊತೆಗಿರಲಿ.

ಗೆಲುವು ಎಷ್ಟು ಜನಕ್ಕೆ ಸಿಗುತ್ತದೆ ಎಂಬುದಕ್ಕೆ ಕಂಪನಿಯ ಮೊದಲ ವರದಿಯೇ ಒಂದು ಅಂದಾಜು ಕೊಡುತ್ತದೆ. 2021ರ ಮೇ 15ರಿಂದ ಜೂನ್ 15ರವರೆಗೆ ಭಾರತದಲ್ಲಿ ಸುಮಾರು 20 ಲಕ್ಷ ಖಾತೆಗಳು ಬ್ಯಾನ್ ಆದವು. ಶೇ 95ಕ್ಕೂ ಹೆಚ್ಚು ರಾಶಿ ಸಂದೇಶ ಅಥವಾ ತಾನಾಗಿ ಕಳಿಸುವ ಸಾಫ್ಟ್‌ವೇರ್‌ನ ಅನಧಿಕೃತ ಬಳಕೆಯ ಕಾರಣಕ್ಕೆ. ಅದೇ ಅವಧಿಯಲ್ಲಿ ಕುಂದುಕೊರತೆ ಅಧಿಕಾರಿಗೆ ಬ್ಯಾನ್ ವಿರುದ್ಧ ಬಂದ ಮನವಿಗಳು 204, ಅವುಗಳಲ್ಲಿ ಕ್ರಮವಾದದ್ದು 63. ಮೂರರಲ್ಲಿ ಒಂದಕ್ಕಿಂತ ಕೊಂಚ ಕಡಿಮೆ. ಆದರೆ ನನ್ನನ್ನು ಹೆಚ್ಚು ಕಾಡುವುದು ಮೊದಲಿನ ಅಂಕಿ: 20 ಲಕ್ಷ ಮಂದಿಯಲ್ಲಿ ಅಧಿಕಾರಿಗೆ ಬರೆದವರು ಬರೀ 204. ಹೀಗೊಂದು ವಿಳಾಸವಿದೆ ಎಂಬುದೇ ಆಗ ಜನಕ್ಕೆ ಗೊತ್ತಿರಲಿಲ್ಲ, ಇಂದಿಗೂ ಹಳ್ಳಿಗಳಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಅಧಿಕಾರಿಯ ಉತ್ತರವೂ ಸಮಾಧಾನ ತರದಿದ್ದರೆ, ಅದು ಕೈಸೇರಿದ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. 2022ರ ಅಕ್ಟೋಬರ್‌ನ ತಿದ್ದುಪಡಿಯಿಂದ ಹುಟ್ಟಿದ ಇಂಥ ಮೂರು ಸಮಿತಿಗಳು 2023ರಲ್ಲಿ ಕೆಲಸ ಆರಂಭಿಸಿದವು. ಮನವಿ ಸಲ್ಲಿಸುವುದೆಲ್ಲ gac.gov.in ತಾಣದಲ್ಲೇ, ವಕೀಲರು ಬೇಕಿಲ್ಲ, ದೆಹಲಿಗೆ ಹೋಗಬೇಕಿಲ್ಲ. ನೆನಪಿಡಬೇಕಾದ್ದು, ಅಧಿಕಾರಿಗೆ ಬರೆಯದೆ ನೇರ ಇಲ್ಲಿಗೆ ಬರುವಂತಿಲ್ಲ. ಆದ್ದರಿಂದ ಅಧಿಕಾರಿಗೆ ಕಳಿಸಿದ ಇಮೇಲನ್ನೂ ಬಂದ ಉತ್ತರವನ್ನೂ ಅಳಿಸಬೇಡಿ.

ಕೋರ್ಟಿಗೆ ಹೋದರೆ? 2025ರ ಅಕ್ಟೋಬರ್‌ನಲ್ಲಿ ಕ್ಲಿನಿಕ್ ನಡೆಸುವ ಅರ್ಜಿದಾರರು ತಮ್ಮ ವಾಟ್ಸಾಪ್ ಖಾತೆ ನಿಲ್ಲಿಸಿದ್ದರ ವಿರುದ್ಧ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ, ವಾಟ್ಸಾಪ್ ಬಳಸುವುದು ಮೂಲಭೂತ ಹಕ್ಕು ಹೇಗಾಗುತ್ತದೆ ಎಂದು ಕೇಳಿ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಅರಟ್ಟೈ ಎಂಬ ದೇಶಿ ಆಪ್ ಇದೆಯಲ್ಲ ಎಂದಿತು, ಬೇರೆ ವೇದಿಕೆಗೆ ಹೋಗಲು ಅವಕಾಶ ಉಳಿಸಿತು. ಕೊಬ್ಬರಿ ವ್ಯಾಪಾರಿಗೆ ಹತ್ತಿರದ, ಅಗ್ಗದ ದಾರಿ ಈ ಸಮಿತಿಯೇ.

ನಂಬರು ಮರಳಿ ಬಂದರೆ ಹಳೆಯ ಕೆಲಸವನ್ನೇ ಮುಂದುವರಿಸಿದವರು ಮತ್ತೆ ಅಲ್ಲಿಗೇ ಬರುತ್ತಾರೆ. ಧಾರಣೆ ಹಂಚಲು ಮಿತಿ ಮುರಿಯಬೇಕಾದ ಅಗತ್ಯ ಈಗ ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಬಂದ ವಾಟ್ಸಾಪ್ ಚಾನೆಲ್ ಸರಿಯಾಗಿ ಈ ಕೆಲಸಕ್ಕೇ ಇದೆ. ಒಂದು ಸಲ ಹಾಕಿದರೆ ಹಿಂಬಾಲಿಸುವ ಎಲ್ಲರಿಗೂ ಕಾಣುತ್ತದೆ, ಎಷ್ಟು ಜನ ಬೇಕಾದರೂ ಸೇರಬಹುದು, ಬೇಡವಾದವರು ತಾವೇ ಬಿಡುತ್ತಾರೆ. ಬೇಡದ ಸಂದೇಶಕ್ಕೆ ರಿಪೋರ್ಟ್ ಒತ್ತುವ ಪ್ರಸಂಗವೇ ಬಾರದು. ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ 256 ಮಂದಿಯವರೆಗೆ ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಖಾಯಂ ಗಿರಾಕಿಗಳಿಗೆ ಅದು ಸಾಕು. ಎರಡು ನಂಬರಿನ ಆಸೆಗೆ ಜಿಬಿ ಹಾಕಿಕೊಂಡವರಿಗೂ ಈಗ ನೆಪವಿಲ್ಲ, ಅಸಲಿ ಆಪ್‌ನಲ್ಲೇ ಎರಡನೇ ಖಾತೆ ಸೇರಿಸುವ ಸೌಲಭ್ಯವನ್ನು ಕಂಪನಿ 2023ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದೆ. ಗ್ರೂಪ್ ನಡೆಸುವವರು ಇನ್ನೊಬ್ಬ ನಂಬಿಕಸ್ಥರನ್ನೂ ಅಡ್ಮಿನ್ ಮಾಡಿಟ್ಟರೆ ಒಂದು ನಂಬರು ಹೋದರೂ ಗ್ರೂಪ್ ನಡೆಯುತ್ತದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಗ್ರೂಪ್ ಅಡ್ಮಿನ್‌ಗಳಲ್ಲಿ ನನ್ನ ಬಿನ್ನಹ ಇಷ್ಟು. ನಿಮ್ಮ ಫೋನಿನಲ್ಲೂ ಮನೆಯ ಹಿರಿಯರ ಫೋನಿನಲ್ಲೂ ಇರುವ ವಾಟ್ಸಾಪ್ ಪ್ಲೇ ಸ್ಟೋರ್‌ನದೇ ಎಂದು ಇಂದೇ ನೋಡಿಕೊಳ್ಳಿ. ಅಲ್ಲವಾದರೆ ಬ್ಯಾನ್ ಆಗುವ ಮೊದಲೇ, ಬ್ಯಾಕಪ್ ಇನ್ನೂ ನಿಮ್ಮ ಕೈಯಲ್ಲಿರುವಾಗಲೇ ಬದಲಿಸಿ.